ಓಲಾಲ್, ಪ್ರಿಲ್, ಸಾರ್ಟನ್: ಔಷಧಿಯ ಹೆಸರಿನ ಬಾಲವನ್ನು ಎಷ್ಟರ ಮಟ್ಟಿಗೆ ನಂಬಬಹುದು?

ನರ್ಸಿಂಗ್_ಎರಡನೇ_ವರ್ಷ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷದಲ್ಲಿದ್ದೇನೆ, ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಬಿಪಿ ಔಷಧಿಗಳ ಪಾಠದಲ್ಲಿ ನಮ್ಮ ಮೇಡಂ ಹೆಸರಿನ ಕೊನೆಯನ್ನು ನೋಡಿ ಗುಂಪನ್ನು ಗುರುತಿಸುವುದನ್ನು ಹೇಳಿಕೊಟ್ಟರು. ಓಲಾಲ್ ಎಂದು ಮುಗಿದರೆ ಬೀಟಾ ಬ್ಲಾಕರ್, ಪ್ರಿಲ್ ಎಂದು ಮುಗಿದರೆ ಎಸಿಇ ಇನ್ಹಿಬಿಟರ್, ಸಾರ್ಟನ್ ಎಂದು ಮುಗಿದರೆ ಎಆರ್‌ಬಿ. ಇಷ್ಟು ಬಾಯಿಪಾಠವಾಗಿದೆ. ಆದರೆ ಯಾವ ಗುಂಪು ದೇಹದಲ್ಲಿ ಏನು ಮಾಡುತ್ತದೆ, ಯಾವುದನ್ನು ಯಾರಿಗೆ ಕೊಡಬಾರದು ಎಂಬುದು ಪರೀಕ್ಷೆಯ ಹೊತ್ತಿಗೆ ಒಂದರೊಳಗೊಂದು ಕಲಸಿಹೋಗುತ್ತದೆ. ಪುಸ್ತಕದಲ್ಲಿರುವ ನೆನಪಿನ ಸೂತ್ರಗಳೆಲ್ಲ ಇಂಗ್ಲಿಷ್ ಪದಗಳ ಮೇಲೆ ಕಟ್ಟಿದವು, ನನಗೆ ಅವು ಮನಸ್ಸಿನಲ್ಲಿ ನಿಲ್ಲುತ್ತಿಲ್ಲ.

ಇನ್ನೊಂದು ಗೊಂದಲವೂ ಇದೆ. ಕಳೆದ ವಾರ ಹೆರಿಗೆ ವಾರ್ಡಿನಲ್ಲಿ ಬಿಪಿ ಏರಿದ್ದ ಗರ್ಭಿಣಿಯೊಬ್ಬರಿಗೆ ಲೆಬೆಟಲಾಲ್ ಕೊಡುತ್ತಿದ್ದರು. ಇದೂ ಓಲಾಲ್ ಗುಂಪಿನದೇ ಎಂದು ನಾನು ಕೇಳಿದಾಗ ಅಲ್ಲಿದ್ದ ಸಿಸ್ಟರ್ “ಹೌದು, ಆದರೆ ಪೂರ್ತಿ ಅಲ್ಲ” ಎಂದರು, ವಿವರಿಸಲು ಅವರಿಗೆ ಬಿಡುವಿರಲಿಲ್ಲ. ಈ ಮೂರು ಬಾಲಗಳಿಗೆ ಕನ್ನಡದಲ್ಲಿ ನಿಲ್ಲುವ ಗುರುತು ಯಾರ ಬಳಿಯಾದರೂ ಇದೆಯೇ? ಈ ನಿಯಮ ಎಲ್ಲಿ ಕೈಕೊಡುತ್ತದೆ?

ಮೆಡಿಕಲ್_ಸ್ಟೋರ್_12_ವರ್ಷ

ತಂಗಿ, ನಾನು ಡಿ.ಫಾರ್ಮ್ ಮುಗಿಸಿ ಹನ್ನೆರಡು ವರ್ಷದಿಂದ ಅಂಗಡಿ ನಡೆಸುತ್ತಿದ್ದೇನೆ. ಪ್ರಿಲ್‌ಗೆ ನನ್ನ ಗುರುತು ಬಹಳ ಸರಳವಾದದ್ದು: ಏಪ್ರಿಲ್. ಆ ಪದದ ಮೊದಲ ಅಕ್ಷರ ಎಸಿಇಯ ‘ಎ’, ಉಳಿದದ್ದು ಪ್ರಿಲ್. ಏಪ್ರಿಲ್ ತಿಂಗಳಲ್ಲಿ ಎಲ್ಲವೂ ಒಣಗಿರುತ್ತದೆ, ಈ ಮಾತ್ರೆ ನುಂಗುವವರಲ್ಲಿ ಕೆಲವರಿಗೆ ಬರುವುದೂ ಒಣ ಕೆಮ್ಮೇ. ಎನಲಾಪ್ರಿಲ್ ಅಥವಾ ರಾಮಿಪ್ರಿಲ್ ತೆಗೆದುಕೊಳ್ಳುವವರು ಕೆಮ್ಮಿನ ಸಿರಪ್ ಕೇಳಿಕೊಂಡು ಬಂದರೆ ಮೊದಲು ಬಿಪಿ ಚೀಟಿ ತೋರಿಸಿ ಎನ್ನುತ್ತೇನೆ. ಕಫವಿಲ್ಲದೆ, ಜ್ವರವಿಲ್ಲದೆ, ಗಂಟಲಲ್ಲಿ ಕೆರೆದಂತಾಗಿ ರಾತ್ರಿಯೆಲ್ಲ ಕೆಮ್ಮಿದರೆ ಅದು ಸಿರಪ್ಪಿಗೆ ಬಗ್ಗುವುದಿಲ್ಲ. ಅಂಥವರನ್ನು ಡಾಕ್ಟರ ಬಳಿಗೆ ಕಳಿಸಿದರೆ ಎಷ್ಟೋ ಸಲ ಪ್ರಿಲ್ ತೆಗೆದು ಸಾರ್ಟನ್ ಬರೆಯುತ್ತಾರೆ.

ಓಲಾಲ್ ವಿಷಯದಲ್ಲಿ, ಕೊನೆಯಲ್ಲಿ ‘ಲ್’ ಸಿಕ್ಕಿದರೆ ಸಾಕು, ಬೀಟಾ ಎಂದು ತಿಳಿದುಕೊಳ್ಳಿ. ಅಟೆನೊಲಾಲ್, ಮೆಟೊಪ್ರೊಲಾಲ್, ಸಾಲ್ಬುಟಮಾಲ್ ಎಲ್ಲವೂ ಬೀಟಾದ ಮೇಲೆಯೇ ಕೆಲಸ ಮಾಡುತ್ತವೆ. ಪ್ರಿಲ್ ಮತ್ತು ಸಾರ್ಟನ್ ಒಂದೇ ದಾರಿಯ ಔಷಧಿಗಳಾದ್ದರಿಂದ ಬಿಪಿ ಹಟ ಹಿಡಿದರೆ ಎರಡನ್ನೂ ಸೇರಿಸಿ ಕೊಡುತ್ತಾರೆ ಎಂದೂ ನೆನಪಿಟ್ಟುಕೊಳ್ಳಿ.

ನಿವೃತ್ತ_ಫಾರ್ಮಕಾಲಜಿ_ಮೇಷ್ಟ್ರು

ಏಪ್ರಿಲ್ ಗುರುತು ಸೊಗಸಾಗಿದೆ, ನನ್ನ ತರಗತಿಯಲ್ಲಿ ಇದು ಹೊಳೆದಿರಲಿಲ್ಲ. ಆದರೆ ಕೊನೆಯ ಎರಡು ಮಾತುಗಳನ್ನು ತಿದ್ದಲೇಬೇಕು. ಪರೀಕ್ಷೆಯಲ್ಲಿ ಅಂಕ ಹೋದರೆ ಹೋಗಲಿ, ವಾರ್ಡಿನಲ್ಲಿ ಇವು ರೋಗಿಗೆ ತೊಂದರೆ ತರುವಂಥವು.

ಮೊದಲು ‘ಲ್’ ವಿಷಯ. ಬಾಲವನ್ನು ಎಲ್ಲಿ ಕತ್ತರಿಸಬೇಕು ಎಂಬುದೇ ಇಲ್ಲಿನ ವಿದ್ಯೆ. ವಿಶ್ವ ಆರೋಗ್ಯ ಸಂಸ್ಥೆ 1953ರಿಂದ ಔಷಧಿಗಳಿಗೆ ಅಂತರರಾಷ್ಟ್ರೀಯ ಹೆಸರುಗಳ ಪಟ್ಟಿ ಪ್ರಕಟಿಸುತ್ತಾ ಬಂದಿದೆ, ಮತ್ತು ಒಂದೇ ಬಗೆಯ ಔಷಧಿಗಳ ಹೆಸರಿನಲ್ಲಿ ಒಂದೇ ತುಣುಕು ಇರುವಂತೆ ನೋಡಿಕೊಳ್ಳುತ್ತದೆ. ಬೀಟಾ ಬ್ಲಾಕರಿಗೆ ಆ ತುಣುಕು ನಾಲ್ಕು ಇಂಗ್ಲಿಷ್ ಅಕ್ಷರಗಳದ್ದು: ಓ, ಎಲ್, ಓ, ಎಲ್. ಒಂದು ಕಡಿಮೆಯಾದರೂ ಬಾಲ ನೋಡಿ ಆ ಗುಂಪು ಎಂದು ಹೇಳಲಾಗದು. ಬರೀ ‘ಓ ಎಲ್’ ಎಂದು ಮುಗಿಯುವ ಹೆಸರುಗಳು ಲೆಕ್ಕವಿಲ್ಲದಷ್ಟಿವೆ. ಪ್ಯಾರಸಿಟಮಾಲ್ ಹಾಗೆ ಮುಗಿಯುತ್ತದೆ, ನೋವಿನ ಟ್ರಮಡಾಲ್ ಹಾಗೆ ಮುಗಿಯುತ್ತದೆ. ಸಾಲ್ಬುಟಮಾಲ್ ಬೀಟಾದ ಮೇಲೆ ಕೆಲಸ ಮಾಡುತ್ತದೆ ಎಂಬುದು ನಿಜ, ಆದರೆ ತಡೆಯುವುದಿಲ್ಲ, ಪ್ರಚೋದಿಸುತ್ತದೆ. ಉಬ್ಬಸದವರ ಶ್ವಾಸನಾಳವನ್ನು ಅದು ಅಗಲಿಸುತ್ತದೆ. ಪ್ರೊಪ್ರಾನೊಲಾಲ್ ಅದೇ ಶ್ವಾಸನಾಳವನ್ನು ಬಿಗಿಗೊಳಿಸಬಲ್ಲದು. ಈ ಎರಡನ್ನು ಒಂದೇ ಬುಟ್ಟಿಗೆ ಹಾಕಿ ನೆನಪಿಟ್ಟುಕೊಂಡವರು ಉಬ್ಬಸದ ರೋಗಿಯ ಮುಂದೆ ನಿಂತಾಗ ಏನಾಗಬಹುದು ಎಂದು ಯೋಚಿಸಿ.

ಓಲಾಲ್‌ಗೆ ನಾನು ಹೇಳಿಕೊಡುತ್ತಿದ್ದ ಗುರುತು ‘ಲೋಲಕ’. ಹಳೆಯ ಗೋಡೆ ಗಡಿಯಾರದ ಲೋಲಕ ನಿಧಾನವಾಗಿ ತೂಗುವುದನ್ನು ಕಣ್ಣ ಮುಂದೆ ತಂದುಕೊಳ್ಳಿ. ಓಲಾಲ್ ಗುಂಪು ಹೃದಯದ ಬಡಿತವನ್ನು ಹಾಗೆ ನಿಧಾನಗೊಳಿಸುತ್ತದೆ. ಆದ್ದರಿಂದಲೇ ಇವನ್ನು ಕೊಡುವ ಮೊದಲು ನಾಡಿ ಎಣಿಸುತ್ತೀರಿ, ಮತ್ತು ಅದು ನಿಮಿಷಕ್ಕೆ 60ಕ್ಕಿಂತ ಕೆಳಗಿದ್ದರೆ ಕೊಡದೆ ತಡೆದು ಡಾಕ್ಟರನ್ನು ಕೇಳುತ್ತೀರಿ. ಗುರುತು ಕೈಯ ಕೆಲಸಕ್ಕೆ ಅಂಟಿಕೊಂಡರೆ ಮರೆತುಹೋಗುವುದಿಲ್ಲ.

ಲೆಬೆಟಲಾಲ್ ಬಗ್ಗೆ ಆ ಸಿಸ್ಟರ್ ಹೇಳಿದ್ದು ಅಕ್ಷರಶಃ ಸರಿ. ನಮ್ಮ ಕಿವಿಗೆ ಅಟೆನೊಲಾಲ್, ಲೆಬೆಟಲಾಲ್ ಎರಡೂ ‘ಲಾಲ್’ ಎಂದೇ ಕೇಳಿಸುತ್ತವೆ, ಕನ್ನಡದಲ್ಲಿ ಬರೆದುಕೊಂಡರೆ ವ್ಯತ್ಯಾಸ ಇನ್ನಷ್ಟು ಮಸುಕಾಗುತ್ತದೆ. ಸ್ಟ್ರಿಪ್ಪಿನ ಮೇಲೆ ಇಂಗ್ಲಿಷಿನಲ್ಲಿ ನೋಡಿ: ಮೊದಲನೆಯದರಲ್ಲಿ ‘ಓ ಎಲ್ ಓ ಎಲ್’, ಎರಡನೆಯದರಲ್ಲಿ ‘ಎ ಎಲ್ ಓ ಎಲ್’. ಲೆಬೆಟಲಾಲ್ ಬೀಟಾದ ಜೊತೆಗೆ ರಕ್ತನಾಳದಲ್ಲಿರುವ ಆಲ್ಫಾವನ್ನೂ ತಡೆಯುತ್ತದೆ. ಕಾರ್ವೆಡಿಲಾಲ್ ಕೂಡ ಹಾಗೆಯೇ, ಅದರ ಬಾಲ ‘ಡಿಲಾಲ್’, ಆ ‘ಡಿಲ್’ ರಕ್ತನಾಳ ಹಿಗ್ಗಿಸುವುದರ ಸೂಚನೆ. ಎ ಇದ್ದರೆ ಆಲ್ಫಾ ಎಂದು ಸೂತ್ರ ಕಟ್ಟಿಕೊಳ್ಳುವ ಆಸೆಯಾಗುತ್ತದೆ, ಆದರೆ ಸೋಟಲಾಲ್ ಅದನ್ನು ಮುರಿಯುತ್ತದೆ. ಅದರಲ್ಲೂ ‘ಎ ಎಲ್ ಓ ಎಲ್’ ಇದೆ, ಆಲ್ಫಾದ ಕೆಲಸ ಮಾತ್ರ ಇಲ್ಲ. ಅಪರೂಪಕ್ಕೆ ಬಾಲ ಪೂರ್ತಿ ಸರಿಯಿದ್ದೂ ಮೋಸ ಹೋಗುವುದುಂಟು. ಕ್ರೀಡಾಪಟುಗಳ ಡೋಪಿಂಗ್ ಸುದ್ದಿಗಳಲ್ಲಿ ಬರುವ ಸ್ಟ್ಯಾನೊಜೊಲಾಲ್ ‘ಓ ಎಲ್ ಓ ಎಲ್’ ಎಂದೇ ಮುಗಿಯುತ್ತದೆ, ಆದರೆ ಅದು ಸ್ಟೀರಾಯ್ಡ್.

ಎರಡನೆಯ ಮಾತಿಗೆ, ಅಂದರೆ ಪ್ರಿಲ್ ಮತ್ತು ಸಾರ್ಟನ್ ಸೇರಿಸುವ ವಿಷಯಕ್ಕೆ, ಸಂಜೆ ಬಿಡುವು ಮಾಡಿಕೊಂಡು ಬರೆಯುತ್ತೇನೆ.

ತುಮಕೂರು_ಮಗ

ದಯವಿಟ್ಟು ಕ್ಷಮಿಸಿ, ನಾನು ವಿದ್ಯಾರ್ಥಿಯಲ್ಲ. ಇದು ಬಿಪಿ ಮಾತ್ರೆಗಳ ಚರ್ಚೆ ಎಂದುಕೊಂಡು ಓದುತ್ತಿದ್ದೆ. ಮೇಲಿನ ಅಣ್ಣ ಎರಡನ್ನೂ ಸೇರಿಸಿ ಕೊಡುತ್ತಾರೆ ಎಂದದ್ದನ್ನು ಓದಿ ನಮ್ಮ ತಂದೆಯ ಮಾತ್ರೆ ಡಬ್ಬಿಯನ್ನು ತೆಗೆದು ನೋಡಿದೆ. ಅವರಿಗೆ 68 ವರ್ಷ. ಐದಾರು ವರ್ಷದಿಂದ ನಮ್ಮ ಊರಿನ ಡಾಕ್ಟರು ಬರೆದ ಬಿಪಿ ಮಾತ್ರೆ ನುಂಗುತ್ತಿದ್ದಾರೆ. ಒಂದು ತಿಂಗಳ ಹಿಂದೆ ಹೃದಯಾಘಾತವಾಗಿ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿದರು, ಬಿಡುಗಡೆಯ ದಿನ ಹೊಸ ಮಾತ್ರೆಗಳ ಚೀಟಿ ಕೊಟ್ಟರು. ನಾವು ಹಳೆಯದನ್ನೂ ನಿಲ್ಲಿಸಲಿಲ್ಲ, ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಹಳೆಯ ಸ್ಟ್ರಿಪ್ಪಿನ ಮೇಲೆ ಟೆಲ್ಮಿಸಾರ್ಟನ್ 40 ಎಂದಿದೆ, ಹೊಸದರ ಮೇಲೆ ರಾಮಿಪ್ರಿಲ್ 2.5. ಕಂಪನಿ ಹೆಸರುಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತಿವೆ. ಹತ್ತು ದಿನದಿಂದ ತಂದೆ ಕಾಲಲ್ಲಿ ಬಲವಿಲ್ಲ ಎನ್ನುತ್ತಿದ್ದಾರೆ, ಕುಳಿತಲ್ಲಿಂದ ಎದ್ದರೆ ತಲೆ ಸುತ್ತುತ್ತದೆ. ಸ್ಟೆಂಟ್ ಆದವರಿಗೆ ಇದು ಸಹಜವೇ?

ನಿವೃತ್ತ_ಫಾರ್ಮಕಾಲಜಿ_ಮೇಷ್ಟ್ರು

ತುಮಕೂರಿನವರೇ, ಸಂಜೆಯವರೆಗೆ ಕಾಯದೆ ಈಗಲೇ ಬರೆಯುತ್ತಿದ್ದೇನೆ. ಇವತ್ತೇ ಎರಡೂ ಸ್ಟ್ರಿಪ್ಪುಗಳನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಕೈಯಲ್ಲಿ ಹಿಡಿದು ಡಾಕ್ಟರನ್ನು ಕಾಣಿ, ಬಿಪಿಯನ್ನೂ ರಕ್ತದ ಪೊಟ್ಯಾಸಿಯಂ, ಕ್ರಿಯಾಟಿನಿನ್ ಎರಡನ್ನೂ ನೋಡಲು ಕೇಳಿ. ಯಾವ ಮಾತ್ರೆ ನಿಲ್ಲಬೇಕು, ಯಾವುದು ಉಳಿಯಬೇಕು ಎಂಬುದನ್ನು ಅವರೇ ಹೇಳಬೇಕು. ಹೃದಯಾಘಾತವಾದ ಮೇಲೆ ಕೊಟ್ಟ ಔಷಧಿಗಳನ್ನು ಮನೆಯಲ್ಲಿ ಕುಳಿತು ತೆಗೆದುಹಾಕಬೇಡಿ.

ಇನ್ನು ಕಾರಣ. ರಕ್ತನಾಳವನ್ನು ಬಿಗಿಮಾಡುವ ಆಂಜಿಯೊಟೆನ್ಸಿನ್ ಎರಡು ಎಂಬ ವಸ್ತುವನ್ನು ಒಂದು ಕೀಲಿ ಎಂದುಕೊಳ್ಳಿ. ಆ ಕೀಲಿಯನ್ನು ಅರೆದು ಸಿದ್ಧಮಾಡುವ ಕೆಲಸಗಾರನೇ ಎಸಿಇ ಎಂಬ ಕಿಣ್ವ. ಪ್ರಿಲ್ ಆ ಕೆಲಸಗಾರನ ಕೈ ಕಟ್ಟುತ್ತದೆ, ಕೀಲಿ ತಯಾರಾಗುವುದೇ ಕಡಿಮೆಯಾಗುತ್ತದೆ. ಸಾರ್ಟನ್ ಕೀಲಿಯ ತಂಟೆಗೆ ಹೋಗದೆ ಬೀಗದ ಕಿಂಡಿಗೆ ಮೇಣ ತುಂಬುತ್ತದೆ. ಇಂಗ್ಲಿಷಿನಲ್ಲಿ ಬರೆದ ಸಾರ್ಟನ್ ಪದದ ಒಳಗೆ ‘ಎ’ ಮತ್ತು ‘ಆರ್’ ಅಕ್ಕಪಕ್ಕ ಇರುವುದನ್ನು ಗಮನಿಸಿ: ಆಂಜಿಯೊಟೆನ್ಸಿನ್, ರಿಸೆಪ್ಟರ್. ಆ ರಿಸೆಪ್ಟರೇ ಬೀಗ.

ಕೆಮ್ಮಿನ ಗುಟ್ಟೂ ಇಲ್ಲಿಯೇ ಇದೆ. ಅದೇ ಕೆಲಸಗಾರನಿಗೆ ಇನ್ನೊಂದು ಕೆಲಸವೂ ಇರುತ್ತದೆ, ಬ್ರಾಡಿಕೈನಿನ್ ಎಂಬ ವಸ್ತುವನ್ನು ಒಡೆದುಹಾಕುವುದು. ಕೈ ಕಟ್ಟಿದರೆ ಆ ಕೆಲಸವೂ ನಿಲ್ಲುತ್ತದೆ, ಬ್ರಾಡಿಕೈನಿನ್ ಸೇರಿಕೊಂಡು ಗಂಟಲನ್ನು ಕೆರಳಿಸುತ್ತದೆ. ಸಾರ್ಟನ್ ಕೆಲಸಗಾರನನ್ನು ಮುಟ್ಟುವುದಿಲ್ಲ, ಹಾಗಾಗಿ ಕೆಮ್ಮು ಅಪರೂಪ. ಈ ಪ್ರಿಲ್ ಮನೆತನದ ಮೂಲ ಬ್ರೆಜಿಲಿನ ಜರಾರಾಕ ಎಂಬ ಹಾವಿನ ವಿಷ. ಅದರಲ್ಲಿದ್ದ ಪೆಪ್ಟೈಡುಗಳು ಈ ಕಿಣ್ವವನ್ನು ತಡೆಯುತ್ತವೆ ಎಂದು ತಿಳಿದ ಮೇಲೆಯೇ ಕ್ಯಾಪ್ಟೊಪ್ರಿಲ್ ರೂಪುಗೊಂಡು 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು.

ಎರಡನ್ನೂ ಸೇರಿಸಿದರೆ ಹೆಚ್ಚು ಲಾಭ ಎಂದು ನಾವೂ ಒಂದು ಕಾಲದಲ್ಲಿ ನಂಬಿದ್ದೆವು. ಆನ್‌ಟಾರ್ಗೆಟ್ ಎಂಬ ಅಧ್ಯಯನದಲ್ಲಿ 25,000ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ್ದು ಇದನ್ನೇ, ಅದೂ ಇದೇ ಜೋಡಿಯನ್ನು: ರಾಮಿಪ್ರಿಲ್ ಮತ್ತು ಟೆಲ್ಮಿಸಾರ್ಟನ್. 2008ರಲ್ಲಿ ಫಲಿತಾಂಶ ಬಂದಾಗ ಎರಡನ್ನೂ ನುಂಗಿದವರಿಗೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಬಿಪಿ ತೀರಾ ಇಳಿದು ತಲೆಸುತ್ತುವುದು, ಮೂತ್ರಪಿಂಡ ಸೋಲುವುದು, ಪೊಟ್ಯಾಸಿಯಂ ಏರುವುದು ಮಾತ್ರ ಹೆಚ್ಚಾಯಿತು. ಆ ಕೀಲಿ ಬೀಗದಲ್ಲಿ ತಿರುಗಿದರೆ ತಾನೇ ಆಲ್ಡೊಸ್ಟಿರಾನ್ ಹೊರಟು ಪೊಟ್ಯಾಸಿಯಂ ಅನ್ನು ಮೂತ್ರಕ್ಕೆ ತಳ್ಳುವುದು. ಎರಡು ಕಡೆಯಿಂದ ತಡೆದರೆ ಅದು ಒಳಗೇ ನಿಲ್ಲುತ್ತದೆ. ನಿಮ್ಮ ತಂದೆಯ ಕಾಲಿನ ನಿಶ್ಶಕ್ತಿಗೆ ಇದೇ ಕಾರಣ ಎಂದು ನಾನು ಇಲ್ಲಿಂದ ಹೇಳಲಾರೆ, ಆದರೆ ರಕ್ತಪರೀಕ್ಷೆ ಹೇಳುತ್ತದೆ.

ಎರಡನೇ ವರ್ಷದ ಹುಡುಗಿಗೆ ಇಲ್ಲಿಂದ ಒಂದು ಮಾತು. ಗರ್ಭಿಣಿಗೆ ಲೆಬೆಟಲಾಲ್ ಕೊಡುತ್ತಾರೆ, ಆದರೆ ಪ್ರಿಲ್ ಆಗಲಿ ಸಾರ್ಟನ್ ಆಗಲಿ ಕೊಡುವುದಿಲ್ಲ. ಮಗುವಿನ ಮೂತ್ರಪಿಂಡ ಬೆಳೆಯಲು ಆ ಕೀಲಿ ಬೀಗ ಎರಡೂ ಬೇಕು.

ಮೆಡಿಕಲ್_ಸ್ಟೋರ್_12_ವರ್ಷ

ಸರ್, ಜೋಡಿಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ. ಹಳೆಯ ಚೀಟಿಗಳಲ್ಲಿ ಅಂಥ ಜೋಡಿ ನೋಡಿದ್ದ ನೆನಪಿನಿಂದ ಬರೆದೆ. ಆದರೆ ಕೌಂಟರಿನಲ್ಲಿ ನಿಂತವನ ಕಷ್ಟವೂ ಒಂದಿದೆ. ಜನ ಕೇಳುವುದು ಕಂಪನಿ ಹೆಸರನ್ನು, ಚೀಟಿಯಲ್ಲಿರುವುದೂ ಹೆಚ್ಚಾಗಿ ಅದೇ. ಆ ಹೆಸರಿಗೆ ಬಾಲವಿರುವುದಿಲ್ಲ. 2018ರಿಂದ ಸ್ಟ್ರಿಪ್ಪಿನ ಮೇಲೆ ಮೂಲ ಔಷಧಿಯ ಹೆಸರು ಕಂಪನಿ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿರಬೇಕು ಎಂಬ ನಿಯಮ ಬಂದಿದೆ, ಆದರೆ ಸ್ಟ್ರಿಪ್ಪನ್ನು ಕತ್ತರಿಸಿ ನಾಲ್ಕು ಮಾತ್ರೆ ಕೊಟ್ಟಾಗ ಹೆಸರಿನ ಅರ್ಧವೇ ಮನೆಗೆ ಹೋಗುತ್ತದೆ, ಎಷ್ಟೋ ಸಲ ಬಾಲವಿರುವ ಅರ್ಧ ನಮ್ಮಲ್ಲೇ ಉಳಿಯುತ್ತದೆ. ಇನ್ನು ಮುಂದೆ ಬಿಡಿ ಮಾತ್ರೆ ಕೊಟ್ಟರೆ ಕವರಿನ ಮೇಲೆ ಮೂಲ ಹೆಸರನ್ನು ಪೂರ್ತಿ ಬರೆದುಕೊಡುತ್ತೇನೆ.

ಕಂಪನಿ ಹೆಸರಿನ ಪಕ್ಕದಲ್ಲಿ ‘ಎಚ್’ ಅಥವಾ ‘ಎಎಂ’ ಎಂದಿದ್ದರೆ ಅದನ್ನೂ ನೋಡಬೇಕು ತಂಗಿ. ಸಾಮಾನ್ಯವಾಗಿ ಎಚ್ ಎಂದರೆ ಹೈಡ್ರೊಕ್ಲೋರೊಥಯಾಜೈಡ್, ಎಎಂ ಎಂದರೆ ಆಮ್ಲೊಡಿಪಿನ್ ಒಳಗೆ ಸೇರಿದೆ ಎಂದು. ಒಂದು ಮಾತ್ರೆ ಎಂದುಕೊಂಡದ್ದು ಎರಡಾಗಿರುತ್ತದೆ.

ಕಣ್ಣಿನ_ವಾರ್ಡ್_ಸಿಸ್ಟರ್

ಓಲಾಲ್ ಎಂದರೆ ಬಿಪಿ ಮಾತ್ರೆ ಎಂದೇ ಎಲ್ಲರೂ ಬರೆಯುತ್ತಿದ್ದೀರಿ. ನಾನು ಕಣ್ಣಿನ ವಾರ್ಡಿನವಳು, ನಮ್ಮಲ್ಲಿ ಓಲಾಲ್ ಬರುವುದು ಹನಿಯಾಗಿ. ಗ್ಲಾಕೋಮಾಕ್ಕೆ ಹಾಕುವ ಟಿಮೊಲಾಲ್. ಅದರ ಬಾಲವನ್ನು ಯಾರೂ ನೋಡುವುದಿಲ್ಲ, ಕಣ್ಣಿನ ಹನಿ ತಾನೇ ಎಂದುಕೊಳ್ಳುತ್ತಾರೆ.

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಬರುತ್ತಿದ್ದ ಅಜ್ಜಿಯೊಬ್ಬರು ಹನಿ ಶುರುವಾದ ಮೂರನೇ ದಿನ ಸೊಸೆಯ ಜೊತೆ ವಾಪಸು ಬಂದರು. ಬೆಂಚಿನ ಮೇಲೆ ಎರಡೂ ಕೈ ಊರಿಕೊಂಡು ಕುಳಿತಿದ್ದರು, ಉಸಿರಿನ ಸುಯ್ಯೆನ್ನುವ ಸದ್ದು ನಾನು ನಿಂತಿದ್ದ ಬಾಗಿಲಿಗೆ ಕೇಳಿಸುತ್ತಿತ್ತು. ಕೇಳಿದರೆ ಚಿಕ್ಕಂದಿನಿಂದ ಉಬ್ಬಸವಂತೆ, ಚಳಿಗಾಲಕ್ಕೆ ಮಾತ್ರ ಪಂಪು ತೆಗೆದುಕೊಳ್ಳುತ್ತಿದ್ದರಂತೆ. ಕಣ್ಣು ತೋರಿಸಲು ಬಂದಾಗ ಯಾರೂ ಕೇಳಿರಲಿಲ್ಲ, ಅವರಿಗೂ ಹೇಳಬೇಕು ಎನಿಸಿರಲಿಲ್ಲ. ಆ ದಿನವೇ ಹನಿ ಬದಲಾಯಿಸಿದರು. 0.5 ಶೇಕಡಾದ ಒಂದು ಹನಿಯಲ್ಲಿರುವುದು ಸುಮಾರು ಕಾಲು ಮಿಲಿಗ್ರಾಂ ಮಾತ್ರ. ಆದರೆ ಅದು ಕಣ್ಣೀರಿನ ನಾಳದಿಂದ ಮೂಗಿಗೆ ಇಳಿದು, ಯಕೃತ್ತಿನ ಮೂಲಕ ಹಾಯದೆ ನೇರವಾಗಿ ರಕ್ತ ಸೇರುತ್ತದೆ. ಅದಕ್ಕೇ ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಎರಡು ಮೂರು ನಿಮಿಷ ಬೆರಳಿನಿಂದ ಒತ್ತಿ ಹಿಡಿಯಲು ಹೇಳಿಕೊಡುತ್ತೇವೆ. ಉಬ್ಬಸ ಇರುವವರಿಗೆ ಅಷ್ಟು ಸಾಲದು, ಅವರಿಗೆ ಈ ಹನಿಯೇ ಬೇಡ.

ಡಲ್ಲಾಸ್_ಕನ್ನಡತಿ

ನಾನು ಇಲ್ಲಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಕೆಲಸ ಮಾಡುತ್ತೇನೆ. ಸಾಲ್ಬುಟಮಾಲ್ ಗೊಂದಲ ಅಮೆರಿಕದಲ್ಲಿ ಕಡಿಮೆ, ಏಕೆಂದರೆ ಅದೇ ಔಷಧಿಗೆ ಇಲ್ಲಿ ಅಲ್ಬುಟೆರಾಲ್ ಎಂದು ಹೆಸರು. ಸಾಲ್ಮೆಟೆರಾಲ್, ಫಾರ್ಮೊಟೆರಾಲ್‌ಗಳ ಜೊತೆ ‘ಟೆರಾಲ್’ ಎಂದು ನೆಂಟಸ್ತಿಕೆ ಕಾಣುತ್ತದೆ.

ಉಬ್ಬಸದ ವಿಷಯ ಬಂದದ್ದರಿಂದ ಒಂದು ಸೂತ್ರ ಹೇಳುತ್ತೇನೆ. ಓಲಾಲ್‌ಗಳ ಮೊದಲ ಅಕ್ಷರ ಇಂಗ್ಲಿಷ್ ವರ್ಣಮಾಲೆಯಲ್ಲಿ ‘ಎ’ಯಿಂದ ‘ಎಂ’ವರೆಗೆ ಇದ್ದರೆ ಅದು ಹೆಚ್ಚಾಗಿ ಹೃದಯದ ಬೀಟಾವನ್ನೇ ಹುಡುಕಿ ತಡೆಯುತ್ತದೆ: ಅಟೆನೊಲಾಲ್, ಬೈಸೊಪ್ರೊಲಾಲ್, ಮೆಟೊಪ್ರೊಲಾಲ್. ‘ಎನ್’ನಿಂದ ಮುಂದಿನವು ಶ್ವಾಸನಾಳದ ಬೀಟಾವನ್ನೂ ಬಿಡುವುದಿಲ್ಲ: ನಡೊಲಾಲ್, ಪ್ರೊಪ್ರಾನೊಲಾಲ್, ಟಿಮೊಲಾಲ್. ಸಿಸ್ಟರ್ ಹೇಳಿದ ಅಜ್ಜಿಗೆ ಆದದ್ದು ಈ ಸೂತ್ರಕ್ಕೆ ಸರಿಯಾಗಿ ಹೊಂದುತ್ತದೆ.

ನಿವೃತ್ತ_ಫಾರ್ಮಕಾಲಜಿ_ಮೇಷ್ಟ್ರು

ಮೇಡಂ, ಆ ಸೂತ್ರವನ್ನು ನಾನು ಬೇಕೆಂದೇ ಹೇಳಿಕೊಡುತ್ತಿರಲಿಲ್ಲ. ನಮ್ಮಲ್ಲಿ ಆಗಾಗ ಬರೆಯುವ ನೆಬಿವೊಲಾಲ್ ‘ಎನ್’ನಿಂದ ಶುರುವಾದರೂ ಹೃದಯವನ್ನೇ ಹುಡುಕುವ ಬಗೆಯದು. ಲೆಬೆಟಲಾಲ್, ಕಾರ್ವೆಡಿಲಾಲ್ ವರ್ಣಮಾಲೆಯ ಮೊದಲ ಅರ್ಧದಲ್ಲಿದ್ದರೂ ಶ್ವಾಸನಾಳವನ್ನು ಬಿಡುವುದಿಲ್ಲ. ಹುಡುಗರು ಸೂತ್ರವನ್ನು ನೆನಪಿಟ್ಟುಕೊಂಡು ಹೊರತಾದವುಗಳನ್ನು ಮರೆಯುತ್ತಾರೆ. ಅಲ್ಲದೆ ಪ್ರಮಾಣ ಹೆಚ್ಚಾದಂತೆ ಅಟೆನೊಲಾಲ್ ಕೂಡ ತನ್ನ ಆಯ್ಕೆಯನ್ನು ಕಳೆದುಕೊಳ್ಳುತ್ತದೆ.

ಡಲ್ಲಾಸ್_ಕನ್ನಡತಿ

ಸರ್, ಲೆಬೆಟಲಾಲ್, ಕಾರ್ವೆಡಿಲಾಲ್‌ಗಳ ಬಾಲವೇ ಬೇರೆ ಎಂದು ನೀವೇ ಮೇಲೆ ಬರೆದಿದ್ದೀರಿ. ಹಾಗಿದ್ದಲ್ಲಿ ಅವು ಈ ಸೂತ್ರದ ಒಳಗೇ ಬರುವುದಿಲ್ಲ, ನೀವು ಹೇಳಿದವುಗಳಲ್ಲಿ ನೆನಪಿಡಬೇಕಾದದ್ದು ನೆಬಿವೊಲಾಲ್ ಒಂದನ್ನೇ. ರಾತ್ರಿ ಪಾಳಿಯಲ್ಲಿ ನನಗೆ ಇದು ಎಷ್ಟೋ ಸಲ ಕೈ ಹಿಡಿದಿದೆ, ಬಿಡಲು ಮನಸ್ಸು ಒಪ್ಪುವುದಿಲ್ಲ.

ತುಮಕೂರು_ಮಗ

ನಿನ್ನೆ ಸಂಜೆಯೇ ಡಾಕ್ಟರ ಬಳಿ ಹೋಗಿ ಬಂದೆವು. ಪೊಟ್ಯಾಸಿಯಂ 5.9 ಬಂದಿದೆ, ಕುಳಿತಾಗ ಬಿಪಿ 104, ನಿಂತಾಗ 86. ಇಸಿಜಿ ಮಾಡಿ ನೋಡಿ, ಬೆಂಗಳೂರಿನ ಹೃದಯದ ಡಾಕ್ಟರಿಗೆ ಫೋನ್ ಮಾಡಿ, ಟೆಲ್ಮಿಸಾರ್ಟನ್ ನಿಲ್ಲಿಸಿದರು. ರಾಮಿಪ್ರಿಲ್ ಕೂಡ ಪೊಟ್ಯಾಸಿಯಂ ಇಳಿಯುವವರೆಗೆ ಬೇಡ, ನಾಡಿದ್ದು ಮತ್ತೆ ರಕ್ತಪರೀಕ್ಷೆ ಎಂದರು. ಎಳನೀರು ಶಕ್ತಿಗೆ ಒಳ್ಳೆಯದು ಎಂದು ನಾವೇ ದಿನಕ್ಕೆ ಎರಡು ಕುಡಿಸುತ್ತಿದ್ದೆವು, ಅದರಲ್ಲಿಯೂ ಪೊಟ್ಯಾಸಿಯಂ ಇದೆಯೆಂದು ಅದನ್ನೂ ನಿಲ್ಲಿಸಿದ್ದಾರೆ. ಮೇಷ್ಟ್ರಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ.

ನರ್ಸಿಂಗ್_ಎರಡನೇ_ವರ್ಷ

ಎಲ್ಲರಿಗೂ ಧನ್ಯವಾದಗಳು. ಇವತ್ತು ನೋಟ್‌ಬುಕ್ಕಿನಲ್ಲಿ ಹೆಸರುಗಳನ್ನು ಇಂಗ್ಲಿಷಿನಲ್ಲಿಯೇ ಬರೆದು, ಬಾಲಕ್ಕೆ ಮಾತ್ರ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಕನ್ನಡದ ಗುರುತು ಬರೆದುಕೊಂಡೆ: ಲೋಲಕ, ಏಪ್ರಿಲ್, ಮೇಣ ತುಂಬಿದ ಬೀಗ. ಸಂಜೆ ಮೆಡಿಸಿನ್ ವಾರ್ಡಿನಲ್ಲಿ ಹೃದಯ ಸೋತ ರೋಗಿಯೊಬ್ಬರ ಸ್ಟ್ರಿಪ್ಪಿನ ಮೇಲೆ ಸ್ಯಾಕುಬಿಟ್ರಿಲ್ ಮತ್ತು ವಲ್ಸಾರ್ಟನ್ ಎಂದಿತ್ತು. ಮೊದಲ ನೋಟಕ್ಕೆ ಪ್ರಿಲ್ ಮತ್ತು ಸಾರ್ಟನ್ ಒಟ್ಟಿಗೆ ಇವೆ ಎಂದು ಗಾಬರಿಯಾದೆ. ಮತ್ತೆ ನೋಡಿದರೆ ಅಲ್ಲಿ ‘ಪಿ’ ಇಲ್ಲ, ‘ಟಿ’ ಇದೆ. ಟ್ರಿಲ್ ಬೇರೆ ಗುಂಪೇ?

ನಿವೃತ್ತ_ಫಾರ್ಮಕಾಲಜಿ_ಮೇಷ್ಟ್ರು

ಬೇರೆಯೇ, ಚೆನ್ನಾಗಿ ನೋಡಿದೆಯಮ್ಮ. ಸ್ಯಾಕುಬಿಟ್ರಿಲ್ ತಡೆಯುವುದು ನೆಪ್ರಿಲೈಸಿನ್ ಎಂಬ ಇನ್ನೊಂದು ಕಿಣ್ವವನ್ನು. ಆದರೆ ಬ್ರಾಡಿಕೈನಿನ್ ಒಡೆಯುವ ಕೆಲಸದಲ್ಲಿ ಅದೂ ಪಾಲುದಾರ. ಆದ್ದರಿಂದ ಅದರ ಜೊತೆ ಸಾರ್ಟನ್ ಇರಬಹುದು, ಪ್ರಿಲ್ ಇರಕೂಡದು. ಎರಡು ಕಿಣ್ವಗಳೂ ಒಟ್ಟಿಗೆ ನಿಂತರೆ ತುಟಿ, ನಾಲಿಗೆ, ಗಂಟಲು ಊದಿಕೊಂಡು ಉಸಿರು ಕಟ್ಟಬಹುದು. ಆ ರೋಗಿ ಮೊದಲು ಎನಲಾಪ್ರಿಲ್ ನುಂಗುತ್ತಿದ್ದರೇ ಎಂದು ನಾಳೆ ಕೇಸ್ ಶೀಟ್ ತೆಗೆದು ನೋಡು. ನುಂಗುತ್ತಿದ್ದರೆ ಅದರ ಕೊನೆಯ ಮಾತ್ರೆಗೂ ಇದರ ಮೊದಲ ಮಾತ್ರೆಗೂ ನಡುವೆ ಕನಿಷ್ಠ 36 ಗಂಟೆ ಕಳೆದಿರಬೇಕು. ಎರಡರ ಸಮಯವನ್ನೂ ಬರೆದುಕೊಂಡು ಬಂದು ಇಲ್ಲಿ ತಿಳಿಸು.